ಫೋನ್ ಕರೆ ಆಗದವರಿಗೆ ಅಪಾಯಿಂಟ್‌ಮೆಂಟ್ ಮೆಸೇಜ್: ಸಣ್ಣ ಕಣ್ಣಿನ ಕ್ಲಿನಿಕ್ಕಿಗೆ ಒಂದು ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕೇಂದ್ರದ ಒಂದು ಕಣ್ಣಿನ ಕ್ಲಿನಿಕ್ ಅಂದುಕೊಳ್ಳಿ. ಒಬ್ಬರು ಡಾಕ್ಟರು, ರಿಸೆಪ್ಷನ್ನಿನಲ್ಲಿ ಒಬ್ಬ ಹುಡುಗಿ, ಒಂದು ಲ್ಯಾಂಡ್‌ಲೈನು, ಒಂದು ಮೊಬೈಲು. ಅಲ್ಲಿಗೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಕಣ್ಣು ಮಂಜಾಗಿದೆ ಅಂತಲೇ ಬಂದಿರುತ್ತಾರೆ, ಅವರಲ್ಲಿ ಹಲವರಿಗೆ ಕಿವಿಯೂ ಮಂದ. ಅಂಥವರಿಗೆ ಕ್ಲಿನಿಕ್ಕಿನಿಂದ ಹೋಗುವ ಮೆಸೇಜು ಹೀಗಿರುತ್ತದೆ:

"ಗೌರವಾನ್ವಿತ ರೋಗಿಗಳೇ, ನಮ್ಮ ಆಸ್ಪತ್ರೆಗೆ ಭೇಟಿ ನೀಡಿದ್ದಕ್ಕಾಗಿ ಧನ್ಯವಾದಗಳು. ತಮ್ಮ ಮುಂದಿನ ಭೇಟಿಯನ್ನು 05/06 ರಂದು 10.30 ಕ್ಕೆ ನಿಗದಿಪಡಿಸಲಾಗಿದೆ. ಬದಲಾವಣೆಗಳಿದ್ದಲ್ಲಿ ಈ ಕೆಳಗಿನ ಸಂಖ್ಯೆಗೆ ಕರೆ ಮಾಡತಕ್ಕದ್ದು."

ಕಣ್ಣು ಕಿವಿ ಎರಡೂ ಸರಿ ಇರುವವರು ಇದನ್ನು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಮೆಸೇಜ್ ಓದಿಸಿಕೊಂಡು ಕೇಳುವವರಿಗೆ ಬೇಕಾದ ಮಾತು ಬರುವ ಹೊತ್ತಿಗೆ ಗೌರವಾನ್ವಿತ, ಧನ್ಯವಾದ ಎಲ್ಲ ಮುಗಿಯಬೇಕು. ಆಮೇಲೆ ಬರುವ ತಾರೀಖೂ ಸರಿಯಾಗಿ ಕೇಳಿಸುವುದಿಲ್ಲ. ಕಿವಿ ಕೇಳದವರಿಗೆ ಕೊನೆಯ ಸಾಲು ಮುಚ್ಚಿದ ಬಾಗಿಲು: ಆ ದಿನ ಬರಲಾಗದಿದ್ದರೆ ಅದನ್ನು ತಿಳಿಸಲು ಇರುವುದು ಕರೆ ಒಂದೇ. ಈ ಒಂದು ಮೆಸೇಜನ್ನು ಹಿಡಿದುಕೊಂಡು ಒಂದೊಂದೇ ಹಂತ ಸರಿ ಮಾಡುತ್ತಾ ಹೋಗೋಣ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ವಾಟ್ಸಾಪ್ ಬಿಸಿನೆಸ್ ಆ್ಯಪ್, ಬಲ್ಕ್ ಎಸ್ಸೆಮ್ಮೆಸ್ ಕೊಡುವ ಕಂಪನಿಯ ಒಂದು ಖಾತೆ, ಒಂದು ರಿಜಿಸ್ಟರು ಇದ್ದರೆ ಸಾಕು.

ಹಂತ 1: ಹೆಸರು ಬರೆಸುವಾಗಲೇ ಕೇಳಿ

ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮೊಬೈಲ್ ನಂಬರ್ ಅಂತ ಮೂರು ಕಾಲಂ ಇರುತ್ತವೆ. ಅಲ್ಲಿ ನಾಲ್ಕನೆಯದೊಂದು ಸೇರಿಸಿ: "ಹೇಗೆ ತಿಳಿಸಬೇಕು". ಕೇಳುವ ಮಾತು ಸರಳವಾಗಿರಲಿ. "ನಿಮ್ಮ ಮುಂದಿನ ತಾರೀಖನ್ನು ಹೇಗೆ ತಿಳಿಸಿದರೆ ಅನುಕೂಲ ಅಮ್ಮ? ಫೋನ್ ಮಾಡಲಾ, ಮೆಸೇಜ್ ಕಳಿಸಲಾ, ಮಾತಾಡಿ ರೆಕಾರ್ಡ್ ಮಾಡಿ ಕಳಿಸಲಾ?" ಇಷ್ಟೇ. "ನಿಮಗೆ ಕಿವಿ ಕೇಳಿಸಲ್ವಾ?" ಅಂತ ಕೇಳಬೇಡಿ. ಮೊದಲನೆಯದಾಗಿ ಅದು ಹತ್ತು ಜನರ ಎದುರಿಗೆ ಕೇಳುವ ಮಾತಲ್ಲ. ಎರಡನೆಯದಾಗಿ, ಕಿವಿ ಮಂದವಾಗಿರುವ ಹಿರಿಯರಲ್ಲಿ ಹೆಚ್ಚಿನವರು "ಕೇಳಿಸುತ್ತಪ್ಪ, ಚೆನ್ನಾಗೇ ಕೇಳಿಸುತ್ತೆ" ಅಂತಲೇ ಹೇಳುತ್ತಾರೆ. ಎದುರಿಗೆ ಕೂತು ಮಾತಾಡಿದರೆ ಕೇಳಿಸುವುದೂ ನಿಜ, ತುಟಿ ಕಾಣುತ್ತದಲ್ಲ. ತೊಂದರೆ ಬರುವುದು ಫೋನಿನಲ್ಲಿ.

ಬಾಯಲ್ಲಿ ಕೇಳುವುದರ ಜೊತೆಗೆ ಅದೇ ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಬರೆದ ಒಂದು ರಟ್ಟು ಮೇಜಿನ ಮೇಲಿರಲಿ. ಕೇಳದವರು ಬೆರಳಿಟ್ಟು ತೋರಿಸುತ್ತಾರೆ.

ಜೊತೆಗೆ ಇನ್ನೆರಡು ವಿಷಯ ತಿಳಿದುಕೊಳ್ಳಿ. ಒಂದು, ಈ ನಂಬರಿನ ಫೋನು ಯಾರ ಕೈಯಲ್ಲಿರುತ್ತದೆ? ಅಜ್ಜ ಕೊಟ್ಟ ನಂಬರು ಬೆಂಗಳೂರಿನಲ್ಲಿರುವ ಮಗನದಾಗಿದ್ದರೆ, ಮೆಸೇಜಿನಲ್ಲಿ ಅಜ್ಜನ ಹೆಸರು ಇರಲೇಬೇಕು. ಇಲ್ಲದಿದ್ದರೆ ಮಗ "ನನಗೆ ಯಾವ ಕಣ್ಣಿನ ಡಾಕ್ಟರು?" ಅಂತ ಅಳಿಸಿಹಾಕುತ್ತಾನೆ. ಬೇರೆಯವರ ಕೈಗೆ ಹೋಗುವ ಮೆಸೇಜ್ ಆದ್ದರಿಂದ ಕಾಯಿಲೆಯ ಹೆಸರನ್ನು, ಇಂಜೆಕ್ಷನ್ ವಿಷಯವನ್ನು ಅದರಲ್ಲಿ ಬರೆಯಬೇಡಿ. "ಕಣ್ಣಿನ ಪರೀಕ್ಷೆ" ಅಂದರೆ ಸಾಕು.

ಎರಡು, ಮೆಸೇಜನ್ನು ಓದುತ್ತಾರಾ, ಫೋನಿನಿಂದ ಓದಿಸಿಕೊಂಡು ಕೇಳುತ್ತಾರಾ? ಕೇಳುವವರಾದರೆ ಫೋನು ಯಾವ ಭಾಷೆಯಲ್ಲಿ ಓದುತ್ತದೆ ಅಂತಲೂ ವಿಚಾರಿಸಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎರಡರಲ್ಲೂ ಕನ್ನಡ ದನಿ ಸಿಗುತ್ತದೆ. ಆದರೆ ಎಲ್ಲರ ಫೋನಿನಲ್ಲೂ ಅದನ್ನು ಹಾಕಿರುವುದಿಲ್ಲ. ಬರೀ ಇಂಗ್ಲಿಷ್ ದನಿ ಇರುವ ಫೋನಿಗೆ ಕನ್ನಡ ಲಿಪಿಯ ಮೆಸೇಜ್ ಹೋದರೆ ಅದು ಕನ್ನಡದ ಭಾಗವನ್ನು ಬಿಟ್ಟುಬಿಟ್ಟು ಅಂಕಿಗಳನ್ನಷ್ಟೇ ಓದುವುದುಂಟು. ಅಂಥವರಿಗೆ ಕನ್ನಡ ದನಿ ಹಾಕಿಕೊಡಿ, ಇಲ್ಲವೇ ಸರಳ ಇಂಗ್ಲಿಷಿನಲ್ಲಿ ಕಳಿಸಿ. ಯಾರಿಗೂ ಆಗಿಬರದ ಮೂರನೇ ದಾರಿ ಒಂದಿದೆ: ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಕಣ್ಣಿಗೆ ಅದು ಸಲೀಸು, ನಾವೆಲ್ಲ ದಿನಾ ಹಾಗೇ ಟೈಪ್ ಮಾಡುತ್ತೇವೆ. ಇಂಗ್ಲಿಷ್ ದನಿ ಮಾತ್ರ ಅದನ್ನು ಇಂಗ್ಲಿಷ್ ಪದಗಳಂತೆಯೇ ಉಚ್ಚರಿಸಿ ಗುರುತೇ ಸಿಗದ ಹಾಗೆ ಮಾಡುತ್ತದೆ.

ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಒಬ್ಬೊಬ್ಬರ ಚಾಟ್‌ಗೂ ಲೇಬಲ್ ಹಾಕಬಹುದು. "ಮೆಸೇಜ್ ಮಾತ್ರ", "ಓದಿಸಿಕೊಳ್ಳುವವರು" ಅಂತ ಎರಡು ಲೇಬಲ್ ಮಾಡಿಟ್ಟುಕೊಳ್ಳಿ. ರಿಸೆಪ್ಷನ್ನಿಗೆ ಹೊಸಬರು ಬಂದರೂ ಯಾರಿಗೆ ಕರೆ ಮಾಡಬಾರದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಹಂತ 2: ತಾರೀಖು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ

ಫೋನಿಗೆ ಮೆಸೇಜ್ ಬಂದಾಗ ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೊದಲ ಸಾಲು ಮಾತ್ರ. ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಅದೂ ಪೂರ್ತಿ ಕಾಣುವುದಿಲ್ಲ. ಓದಿಸಿಕೊಳ್ಳುವವರು ಮೊದಲ ಕೆಲವು ಪದ ಕೇಳಿ, ಇದು ಜಾಹೀರಾತೋ ಅಲ್ಲವೋ ಅಂತ ತೀರ್ಮಾನ ಮಾಡಿ ಸರಿಸಿಬಿಡುತ್ತಾರೆ. ಹಾಗಾಗಿ ಮೊದಲ ಸಾಲಿನಲ್ಲೇ ದಿನ, ಹೊತ್ತು ಎರಡೂ ಇರಬೇಕು. ಮೇಲಿನ ಮೆಸೇಜನ್ನು ಹೀಗೆ ಬದಲಿಸೋಣ:

"ಜೂನ್ 5, ಶುಕ್ರವಾರ, ಬೆಳಿಗ್ಗೆ 10:30ಕ್ಕೆ ಬನ್ನಿ.
(ಹೆಸರು) ಅವರಿಗೆ ಕಣ್ಣಿನ ಪರೀಕ್ಷೆ.
ಜಾಗ: (ಕ್ಲಿನಿಕ್ ಹೆಸರು), ಬಸ್ ಸ್ಟ್ಯಾಂಡ್ ಎದುರು, ಕೆಳಗಿನ ಮಹಡಿ.
ಬರುತ್ತೀರಾ? 1 ಕಳಿಸಿ.
ಬೇರೆ ದಿನ ಬೇಕಾ? 2 ಕಳಿಸಿ.
ಫೋನ್ ಮಾಡಬೇಕಾಗಿಲ್ಲ."

ಒಂದೊಂದಾಗಿ ನೋಡಿ. 05/06 ಅಂದರೆ ಜೂನ್ ಐದೋ, ಮೇ ಆರೋ? ಕಣ್ಣಿಗೇ ಗೊಂದಲ. ಓದುವ ದನಿ ಇದನ್ನು "ಸೊನ್ನೆ ಐದು ಸ್ಲ್ಯಾಶ್ ಸೊನ್ನೆ ಆರು" ಅನ್ನಬಹುದು, ಭಾಗಾಕಾರ ಅಂತಲೂ ತಿಳಿಯಬಹುದು. ತಿಂಗಳ ಹೆಸರು ಬರೆದರೆ ಈ ತಾಪತ್ರಯವೇ ಇಲ್ಲ. ವಾರದ ಹೆಸರು ಸೇರಿಸಿದರೆ ಇನ್ನೊಂದು ಲಾಭ. ನೀವು ತಾರೀಖನ್ನು ತಪ್ಪಾಗಿ ಟೈಪ್ ಮಾಡಿದ್ದರೆ ವಾರಕ್ಕೂ ತಾರೀಖಿಗೂ ತಾಳೆಯಾಗುವುದಿಲ್ಲ, ಓದಿದವರು ಕೇಳುತ್ತಾರೆ. "ಶುಕ್ರ" ಅಂತಲೋ "ಶು." ಅಂತಲೋ ಮೊಟಕು ಮಾಡಬೇಡಿ.

10.30ರಲ್ಲಿ ಚುಕ್ಕಿ ಇದ್ದರೆ ಅದು "ಹತ್ತು ಪಾಯಿಂಟ್ ಮೂರು ಸೊನ್ನೆ" ಆಗಬಹುದು. ಹತ್ತೂವರೆಯನ್ನು 10:30 ಅಂತ ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅನ್ನುವ ಮಾತು ಅಂಕಿಗಿಂತ ಮುಂಚೆ ಬರಲಿ. "10-11" ಅಂತ ಗೆರೆ ಎಳೆದರೆ ಅದು ಮೈನಸ್ ಆಗಿ ಕೇಳಿಸಬಹುದು. "10ರಿಂದ 11ರ ಒಳಗೆ" ಅಂದರೆ ಆಯಿತು.

"ನಾಳೆ" ಅಂತ ಮಾತ್ರ ಬರೆದ ಮೆಸೇಜು ಬಹಳ ಅಪಾಯ. ಫೋನಿನ ಸದ್ದು ಕೇಳದವರು ಮೆಸೇಜನ್ನು ಬಂದ ಗಳಿಗೆಯಲ್ಲೇ ನೋಡುವುದಿಲ್ಲ. ರಾತ್ರಿ ಬಂದದ್ದನ್ನು ಬೆಳಿಗ್ಗೆ ನೋಡಿದರೆ "ನಾಳೆ" ಅನ್ನುವುದು ಇವತ್ತು ಆಗಿಬಿಟ್ಟಿರುತ್ತದೆ. ಪಾಪ, ಅವರು ಮಾರನೇ ದಿನ ಬಸ್ ಹಿಡಿದು ಬರುತ್ತಾರೆ.

ಹುಟ್ಟಿನಿಂದ ಕಿವಿ ಕೇಳದ, ಸನ್ನೆ ಭಾಷೆಯಲ್ಲಿ ಬೆಳೆದವರ ವಿಷಯ ಸ್ವಲ್ಪ ಬೇರೆ. ವಯಸ್ಸಾದ ಮೇಲೆ ಕಿವಿ ಹೋದವರಿಗೆ ಬರೆದ ಕನ್ನಡ ಸಲೀಸು. ಆದರೆ ಸನ್ನೆಯೇ ಮೊದಲ ಭಾಷೆಯಾದವರಲ್ಲಿ ಹಲವರಿಗೆ ಬರೆದ ಕನ್ನಡ ಎರಡನೇ ಭಾಷೆ. ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ, ಕನ್ನಡವನ್ನು ಕೈಯಲ್ಲಿ ಮಾಡಿ ತೋರಿಸುವುದಲ್ಲ ಅದು. "ಬರಲಾಗದಿದ್ದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು" ಅನ್ನುವ ಸಾಲಿನಲ್ಲಿ ಒಂದು ಇಲ್ಲ, ಒಂದು ಆದರೆ, ಒಂದು ಬೇಕು, ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನು "ಬೇರೆ ದಿನ ಬೇಕಾ? 2 ಕಳಿಸಿ." ಅಂತ ಒಡೆದರೆ ಒಂದು ಪ್ರಶ್ನೆ, ಒಂದು ಕೆಲಸ. ಹಾಗೆಯೇ "ನಿಗದಿಪಡಿಸಲಾಗಿದೆ" ಬೇಡ, "ಬನ್ನಿ" ಸಾಕು.

ಸ್ಟಾರ್, ಗೆರೆಗಳ ಸಾಲು, ಹೂವು ಕೈಮುಗಿಯುವ ಇಮೋಜಿ ಇವುಗಳನ್ನು ಬಿಟ್ಟುಬಿಡಿ. ಓದುವ ದನಿ ಒಂದೊಂದು ಇಮೋಜಿಯ ಹೆಸರನ್ನೂ ಹೇಳುತ್ತದೆ. ಐದು ಹೂವು ಹಾಕಿದರೆ ತಾರೀಖಿಗೆ ಮುಂಚೆ ಐದು ಹೂವನ್ನೂ ಕೇಳಬೇಕು. ಇಂಗ್ಲಿಷ್ ಮೆಸೇಜಿಗೆ ಚೆಂದದ ಅಕ್ಷರ ಮಾಡಿಕೊಡುವ ವೆಬ್‌ಸೈಟುಗಳ ಸಹವಾಸವೂ ಬೇಡ. ಅಲ್ಲಿಂದ ಬರುವ ದಪ್ಪ ಅಕ್ಷರಗಳು ಗಣಿತದ ಚಿಹ್ನೆಗಳು. ದನಿ ಅವನ್ನು ಒಂದೊಂದೇ ಚಿಹ್ನೆಯಾಗಿ ಓದುತ್ತದೆ ಅಥವಾ ನುಂಗಿಬಿಡುತ್ತದೆ.

ಹಂತ 3: ಎಸ್ಸೆಮ್ಮೆಸ್ಸಿನ ಉದ್ದ

ವಾಟ್ಸಾಪ್ ಇಲ್ಲದವರಿಗೆ ಎಸ್ಸೆಮ್ಮೆಸ್ಸೇ ಗತಿ. ಅಲ್ಲಿ ಕನ್ನಡಕ್ಕೆ ಒಂದು ಇಕ್ಕಟ್ಟಿದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ಅದಕ್ಕಿಂತ ಉದ್ದವಾದರೆ ಮೆಸೇಜು 67ರ ತುಂಡುಗಳಾಗಿ ಹೋಗಿ, ಆ ಕಡೆ ಫೋನಿನಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ. ಒಂದೊಂದು ತುಂಡಿಗೂ ದುಡ್ಡು. ಈ ಎಣಿಕೆಯಲ್ಲಿ ಒತ್ತು, ಕೊಂಬು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಅಪಾಯಿಂಟ್‌ಮೆಂಟ್" ಅನ್ನುವುದು ಕಣ್ಣಿಗೆ ಆರು ಅಕ್ಷರ, ಎಸ್ಸೆಮ್ಮೆಸ್ಸಿಗೆ 14. ಅದರಲ್ಲೊಂದು ಕಾಣುವುದೇ ಇಲ್ಲ: ಟ್ ಮತ್ತು ಮೆ ಕೂಡಿಕೊಳ್ಳದಂತೆ ನಡುವೆ ಕೂರುವ ಗುರುತು.

ನಮ್ಮ ಹೊಸ ಮೊದಲ ಸಾಲನ್ನು ಹೀಗೆ ಎಣಿಸಿದರೆ 43 ಬರುತ್ತದೆ. ಅಂದರೆ 70ರಲ್ಲಿ ಆರಾಮಾಗಿ ಕೂರುತ್ತದೆ. ಪೂರ್ತಿ ಮೆಸೇಜು ಮೂರ್ನಾಲ್ಕು ತುಂಡಾಗುತ್ತದೆ, ಆಗಲಿ. ಹಣ ಉಳಿಸಲು ಜಾಗವನ್ನೋ ಉತ್ತರ ಕೊಡುವ ಸಾಲನ್ನೋ ಕತ್ತರಿಸಬೇಡಿ, ಗೌರವಾನ್ವಿತವನ್ನು ಕತ್ತರಿಸಿ. ಹಳೇ ಮೆಸೇಜಿನಲ್ಲಿ "ಗೌರವಾನ್ವಿತ"ದಿಂದ "ಧನ್ಯವಾದಗಳು" ತನಕದ ಮಾತಿಗೇ ಹತ್ತಿರ ಹತ್ತಿರ ಒಂದು ಪೂರ್ತಿ ತುಂಡು ಖರ್ಚಾಗುತ್ತಿತ್ತು.

ಬಲ್ಕ್ ಎಸ್ಸೆಮ್ಮೆಸ್ಸಿಗೆ ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ಕಳಿಸುವವರ ಹೆಸರನ್ನೂ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಬದಲಾಗುವ ಜಾಗಗಳನ್ನು ಬಿಟ್ಟು ಉಳಿದ ಒಂದು ಪದವನ್ನೂ ಆಮೇಲೆ ಬದಲಿಸುವ ಹಾಗಿಲ್ಲ, ಬದಲಿಸಿದರೆ ಮತ್ತೆ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಒಕ್ಕಣೆಯನ್ನು ನೋಂದಾಯಿಸುವ ಮೊದಲೇ ಕೆಳಗೆ ಹೇಳುವ ಪರೀಕ್ಷೆಯನ್ನು ಮಾಡಿ ಮುಗಿಸಿ. ಒಂದಲ್ಲ, ಮೂರು ಒಕ್ಕಣೆ ನೋಂದಾಯಿಸಿ: ಹೊಸ ತಾರೀಖಿಗೆ ಒಂದು, ನೆನಪಿಸಲು ಒಂದು, ಬದಲಾವಣೆಗೆ ಒಂದು. ಬಹಳ ಕಡೆ ಮೂರನೆಯದನ್ನು ಮಾಡಿಸಿರುವುದೇ ಇಲ್ಲ. ಡಾಕ್ಟರು ಬರದ ದಿನ "ಎಲ್ಲರಿಗೂ ಫೋನ್ ಮಾಡಿ ಹೇಳಮ್ಮ" ಅನ್ನುವುದು ಅದಕ್ಕೇ.

ಹಂತ 4: ಉತ್ತರ ಬರುವ ದಾರಿ

ಬಲ್ಕ್ ಎಸ್ಸೆಮ್ಮೆಸ್ಸು ಬರುವುದು ಅಕ್ಷರಗಳ ಹೆಸರಿನಿಂದ, ನಂಬರಿನಿಂದಲ್ಲ. ಅದಕ್ಕೆ ವಾಪಸ್ ಉತ್ತರ ಕಳಿಸಲು ಆಗುವುದಿಲ್ಲ. "1 ಕಳಿಸಿ" ಅಂತ ಬರೆದು ಸುಮ್ಮನಾದರೆ ಆ 1 ಎಲ್ಲಿಗೂ ಹೋಗುವುದಿಲ್ಲ. ಕಳಿಸಿದವರು ಮಾತ್ರ ಹೇಳಿಯಾಯಿತು ಅಂದುಕೊಂಡಿರುತ್ತಾರೆ. ಆದ್ದರಿಂದ ಎಸ್ಸೆಮ್ಮೆಸ್ಸಿನಲ್ಲಿ ಆ ಸಾಲು "ಈ ನಂಬರಿಗೆ 1 ಕಳಿಸಿ" ಅಂತಾಗಬೇಕು, ಅಲ್ಲಿ ಕ್ಲಿನಿಕ್ಕಿನ ಮೊಬೈಲ್ ನಂಬರ್ ಇರಬೇಕು. ವಾಟ್ಸಾಪಿನಲ್ಲಿ ಈ ತೊಡಕಿಲ್ಲ, ಬಂದ ಚಾಟ್‌ನಲ್ಲೇ ಉತ್ತರ ಹೋಗುತ್ತದೆ.

ಹತ್ತು ಅಂಕಿಯ ನಂಬರನ್ನು ಕೆಲವು ದನಿಗಳು ಕೋಟಿ ಲಕ್ಷದ ಲೆಕ್ಕದಲ್ಲಿ ಓದುತ್ತವೆ. ಓದಿಸಿಕೊಳ್ಳುವವರಿಗೆ ಒತ್ತುವ ಲಿಂಕ್ ಇದ್ದರೆ ಅನುಕೂಲ. ವಾಟ್ಸಾಪಿನ ಲಿಂಕ್ ಹೀಗೆ ಮಾಡಬಹುದು:

```
https://wa.me/91XXXXXXXXXX?text=2
```

X ಇರುವ ಕಡೆ ನಿಮ್ಮ ನಂಬರ್ ಹಾಕಿ. ಒತ್ತಿದರೆ ನಿಮ್ಮ ಚಾಟ್ ತೆರೆದು, 2 ಅಂತ ಮೊದಲೇ ಬರೆದಿರುತ್ತದೆ. ಅವರು ಕಳಿಸುವ ಗುಂಡಿ ಒತ್ತಿದರೆ ಸಾಕು. ಲಿಂಕನ್ನು ಮೆಸೇಜಿನ ಕಟ್ಟಕಡೆಗೆ ಇಡಿ, ಯಾಕೆಂದರೆ ದನಿ ಅದನ್ನು ಅಕ್ಷರ ಅಕ್ಷರವಾಗಿ ಓದುತ್ತಾ ಕೂರುತ್ತದೆ. ಬಲ್ಕ್ ಎಸ್ಸೆಮ್ಮೆಸ್ಸಿನಲ್ಲಿ ಲಿಂಕ್ ಇದ್ದರೆ ಅದನ್ನೂ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು. 2024ರ ಅಕ್ಟೋಬರಿನಿಂದ ನೋಂದಾಯಿಸದ ಲಿಂಕ್ ಇರುವ ಮೆಸೇಜನ್ನು ಟೆಲಿಕಾಂ ಕಂಪನಿಗಳು ತಡೆಯುತ್ತವೆ.

ಮಿಸ್ಡ್ ಕಾಲ್ ಬಗ್ಗೆ ಒಂದು ಮಾತು. "ಬರುತ್ತೀರಾದರೆ ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ" ಅನ್ನುವುದು ಕಿವಿ ಕೇಳದವರಿಗೂ ಆಗುತ್ತದೆ, ಮಾತಾಡಬೇಕಾಗಿಲ್ಲವಲ್ಲ. ಕೀಪ್ಯಾಡ್ ಫೋನ್ ಇರುವವರಿಗೆ ಟೈಪ್ ಮಾಡುವುದಕ್ಕಿಂತ ಇದೇ ಸುಲಭ. ಆದರೆ ಎರಡು ಷರತ್ತು. ಕರೆ ತಾನಾಗೇ ಕಟ್ಟಾಗಬೇಕು, ಯಾಕೆಂದರೆ ರಿಂಗ್ ಆಗುತ್ತಿದೆಯೋ ಯಾರಾದರೂ ಎತ್ತಿ ಹಲೋ ಅನ್ನುತ್ತಿದ್ದಾರೋ ಅವರಿಗೆ ತಿಳಿಯುವುದಿಲ್ಲ. ಕಟ್ಟಾದ ಮೇಲೆ "ನಿಮ್ಮ ಉತ್ತರ ಬಂತು. ಜೂನ್ 5, ಶುಕ್ರವಾರ, ಬನ್ನಿ." ಅಂತ ಒಂದು ಮೆಸೇಜ್ ಹೋಗಬೇಕು. ಇದನ್ನೂ ಒಂದು ಒಕ್ಕಣೆಯಾಗಿ ನೋಂದಾಯಿಸಿಡಿ. ರಿಸೆಪ್ಷನ್ನಿನವರು ಮಿಸ್ಡ್ ಕಾಲ್ ಕಂಡು ವಾಪಸ್ ಕರೆ ಮಾಡಿದರೆ ಎಲ್ಲಾ ಕೆಟ್ಟಿತು.

ಕ್ಲಿನಿಕ್ಕಿನ ಒಳಗೆ ಒಂದು ನಿಯಮವನ್ನೂ ತೆಗೆದುಹಾಕಬೇಕು. ಹಿಂದಿನ ದಿನ ಕನ್ಫರ್ಮ್ ಮಾಡಲು ಫೋನ್ ಮಾಡುತ್ತಾರೆ, ಎರಡು ಸಲ ಎತ್ತದಿದ್ದರೆ ಹೆಸರನ್ನು ಹೊಡೆದುಹಾಕುತ್ತಾರೆ. ಕೇಳದವರು ಎತ್ತುವುದಾದರೂ ಹೇಗೆ? ಮಾರನೇ ದಿನ ಅವರು ಸರಿಯಾಗಿ ಹತ್ತೂವರೆಗೆ ಬಂದು ನಿಂತರೆ "ನಿಮ್ಮ ಹೆಸರೇ ಇಲ್ಲ" ಅನ್ನುವ ಮಾತು. "ಮೆಸೇಜ್ ಮಾತ್ರ" ಲೇಬಲ್ ಇರುವವರ ಹೆಸರನ್ನು ಫೋನ್ ಎತ್ತಲಿಲ್ಲ ಅಂತ ತೆಗೆಯಬಾರದು ಎಂದು ರಿಜಿಸ್ಟರಿನ ಒಳಪುಟದಲ್ಲೇ ಬರೆದಿಡಿ.

2 ಬಂದ ಮೇಲೆ ಏನು ಮಾಡಬೇಕು? ಒಂದು ಮಾತುಕತೆಯನ್ನು ನೋಡೋಣ. ಕಿವಿ ಕೇಳದ ಟೈಲರ್ ಒಬ್ಬರು 2 ಕಳಿಸಿದ್ದಾರೆ. ರಿಸೆಪ್ಷನ್ನಿನ ಹುಡುಗಿ "ನಿಮಗೆ ಯಾವಾಗ ಅನುಕೂಲ ಆಗುತ್ತೆ ಅಣ್ಣ?" ಅಂತ ಕೇಳಿದಳು. ಅವರು ಬರೆದರು: "ಶುಕ್ರವಾರ ಮದುವೆ ಬಟ್ಟೆ ಕೆಲಸ ಬರುವುದು ಇಲ್ಲ ಸೋಮವಾರ ಡಾಕ್ಟರ್ ಇದೆ". ಸೋಮವಾರ ಬರುತ್ತೇನೆ ಅಂತಲೋ, ಸೋಮವಾರ ಡಾಕ್ಟರು ಇರುತ್ತಾರಾ ಅಂತಲೋ, ಸೋಮವಾರ ಬೇರೆ ಡಾಕ್ಟರ ಹತ್ತಿರ ಹೋಗುವುದಿದೆ ಅಂತಲೋ? ಊಹೆ ಮಾಡಬೇಡಿ, ಮತ್ತೆ ಬಿಡಿಸಿ ಕೇಳುವ ಉದ್ದ ಪ್ರಶ್ನೆಯನ್ನೂ ಹಾಕಬೇಡಿ. ಆರಿಸಿಕೊಳ್ಳುವಂತೆ ಕೊಡಿ:

"ಅಣ್ಣ, ಒಂದು ಆರಿಸಿ:
1. ಜೂನ್ 8, ಸೋಮವಾರ, ಬೆಳಿಗ್ಗೆ 11:00
2. ಜೂನ್ 9, ಮಂಗಳವಾರ, ಸಂಜೆ 5:00
3. ಎರಡೂ ಬೇಡ"

ಅವರು 1 ಅಂದರೆ ಅಲ್ಲಿಗೆ ಮುಗಿಸದೆ ಹೊಸ ತಾರೀಖಿನ ಪೂರ್ತಿ ಮೆಸೇಜನ್ನು ಮತ್ತೆ ಕಳಿಸಿ. ಚಾಟ್‌ನಲ್ಲಿ ಕೊನೆಗೆ ಉಳಿಯುವುದು ಯಾವಾಗಲೂ ಸರಿಯಾದ ಮೆಸೇಜೇ ಆಗಿರಬೇಕು. ನಿಜ ಹೇಳಬೇಕೆಂದರೆ ಮೊದಲ ಪ್ರಶ್ನೆಯ ಜಾಗದಲ್ಲೇ ಈ ಪಟ್ಟಿ ಕಳಿಸಿದ್ದರೆ ಎರಡು ಮೆಸೇಜು ಉಳಿಯುತ್ತಿತ್ತು. ಇದನ್ನು ಕ್ವಿಕ್ ರಿಪ್ಲೈ ಆಗಿ ಸೇವ್ ಮಾಡಿಟ್ಟು, ತಾರೀಖು ಮಾತ್ರ ಬದಲಿಸಿ ಕಳಿಸಬಹುದು.

ಇನ್ನೊಂದು ಸಣ್ಣ ಕೆಲಸ. ವಾಟ್ಸಾಪ್ ಬಿಸಿನೆಸ್ಸಿನಲ್ಲಿ ತಾನಾಗೇ ಹೋಗುವ ಮೆಸೇಜ್ ಇರುತ್ತದಲ್ಲ, ಅದರಲ್ಲಿ ಏನಿದೆ ನೋಡಿ. "ತುರ್ತಿದ್ದರೆ ಕರೆ ಮಾಡಿ" ಅಂತ ಇದ್ದರೆ ತೆಗೆದು, "ಬೆಳಿಗ್ಗೆ 9ರಿಂದ ಸಂಜೆ 6ರ ತನಕ ಮೆಸೇಜ್ ನೋಡುತ್ತೇವೆ. ಒಂದು ಗಂಟೆಯೊಳಗೆ ಉತ್ತರ ಕೊಡುತ್ತೇವೆ." ಅಂತ ಹಾಕಿ. ಒಂದು ಗಂಟೆ ಆಗುವುದಿಲ್ಲವಾದರೆ ಆಗುವಷ್ಟನ್ನೇ ಬರೆಯಿರಿ. ಫೋನ್ ಮಾಡಿ ವಿಚಾರಿಸಲಾಗದವರು ಆ ಸಾಲನ್ನು ನಂಬಿ ಕಾಯುತ್ತಾರೆ.

ಹಂತ 5: ಅದೇ ದಿನ ಬದಲಾದರೆ

ಡಾಕ್ಟರಿಗೆ ಜಿಲ್ಲಾಸ್ಪತ್ರೆಯಲ್ಲಿ ತುರ್ತು ಆಪರೇಷನ್ನು, ಹತ್ತೂವರೆಗೆ ಇರಬೇಕಿದ್ದ ಅವರು ಮಧ್ಯಾಹ್ನ ಮೂರಕ್ಕೆ ಬರುತ್ತಾರೆ. ಆಗ ಹಳೇ ಮೆಸೇಜನ್ನು ತಿದ್ದುವುದು ಬೇಡ. ವಾಟ್ಸಾಪ್ 15 ನಿಮಿಷದ ತನಕ ತಿದ್ದಲು ಬಿಡುತ್ತದೆ ನಿಜ, ಆದರೆ ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಬರುವುದಿಲ್ಲ. ಒಮ್ಮೆ ಓದಿಸಿಕೊಂಡು ಕೇಳಿದವರು ಮತ್ತೆ ಅದನ್ನು ತೆರೆಯುವುದಿಲ್ಲ. ಹೊಸ ಮೆಸೇಜನ್ನೇ ಕಳಿಸಿ, ಮೊದಲ ಪದವೇ "ಬದಲಾವಣೆ" ಆಗಿರಲಿ:

"ಬದಲಾವಣೆ: ಜೂನ್ 5, ಶುಕ್ರವಾರ, ಮಧ್ಯಾಹ್ನ 3:00ಕ್ಕೆ ಬನ್ನಿ.
ಬೆಳಿಗ್ಗೆ 10:30ಕ್ಕೆ ಬರಬೇಡಿ. ಡಾಕ್ಟರ್ ಇರುವುದಿಲ್ಲ.
ನೋಡಿದ ಮೇಲೆ 1 ಕಳಿಸಿ."

ಹೊಸ ಹೊತ್ತು ಮೊದಲು, ಹಳೆಯದು ಆಮೇಲೆ. ತಿರುಗಿಸಿ ಬರೆದರೆ ಅರ್ಧ ಕೇಳಿಸಿಕೊಂಡವರ ತಲೆಯಲ್ಲಿ ಹತ್ತೂವರೆಯೇ ಉಳಿಯುತ್ತದೆ.

1 ಬರದಿದ್ದರೆ ವಾಟ್ಸಾಪಿನ ಗುರುತು ನೋಡಿ. ಒಂದೇ ಟಿಕ್ ಇದ್ದರೆ ಮೆಸೇಜು ಅವರ ಫೋನಿಗೆ ಮುಟ್ಟಿಯೇ ಇಲ್ಲ, ಡೇಟಾ ಆಫ್ ಇರಬಹುದು. ತಕ್ಷಣ ಎಸ್ಸೆಮ್ಮೆಸ್ ಕಳಿಸಿ. ಎರಡು ಟಿಕ್ ಇದ್ದು ಉತ್ತರ ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕಳಿಸಿ. ಕೇಳದವರಿಗೆ ಮೆಸೇಜ್ ಬಂದದ್ದು ತಿಳಿಯುವುದು ನಡುಕದಿಂದ, ಮೇಜಿನ ಮೇಲಿಟ್ಟ ಫೋನಿನ ನಡುಕ ಗೊತ್ತಾಗುವುದಿಲ್ಲ. ಐಫೋನಿನಲ್ಲೂ ಹೊಸ ಆಂಡ್ರಾಯ್ಡ್‌ಗಳಲ್ಲೂ ಮೆಸೇಜ್ ಬಂದಾಗ ಕ್ಯಾಮೆರಾದ ಫ್ಲ್ಯಾಶ್ ಮಿಣುಕುವಂತೆ ಮಾಡಬಹುದು. ಅವರು ಕ್ಲಿನಿಕ್ಕಿಗೆ ಬಂದಾಗ ಬೇಕಾ ಅಂತ ಕೇಳಿ ಹಾಕಿಕೊಟ್ಟರೆ ಎರಡು ನಿಮಿಷದ ಕೆಲಸ.

ಹೊರಟು ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಕಾಯುವ ಹಾಲಿನಲ್ಲಿ ಹೆಸರು ಕೂಗುತ್ತಾರೆ. ಕೇಳದವರು ಕೂತೇ ಇರುತ್ತಾರೆ. ಟೋಕನ್ ನಂಬರ್ ಬರುವ ಬೋರ್ಡು ಹಾಕಿದರೆ ಕಣ್ಣು ಕಾಣದವರು ಕೂತಿರುತ್ತಾರೆ. ಬೋರ್ಡು, ಕೂಗು ಎರಡೂ ಇರಲಿ, "ಮೆಸೇಜ್ ಮಾತ್ರ" ಲೇಬಲ್ಲಿನವರ ಹತ್ತಿರ ಹೋಗಿ ಕರೆಯಿರಿ.

ಹಂತ 6: ಚಿತ್ರ ಬೇಡ, ಚೀಟಿ ಬೇಕು

ಬಣ್ಣಬಣ್ಣದ ಅಪಾಯಿಂಟ್‌ಮೆಂಟ್ ಕಾರ್ಡನ್ನು ಫೋಟೋ ಮಾಡಿ ಕಳಿಸುವ ಚಾಳಿ ಇದೆ. ಓದುವ ದನಿಗೆ ಅದು ಬರೀ "ಫೋಟೋ". ದೊಡ್ಡದು ಮಾಡಿ ನೋಡುವವರಿಗೆ ಹಿಗ್ಗಿಸಿದಷ್ಟೂ ಅಕ್ಷರ ಮಸುಕು. ಕಳಿಸಲೇಬೇಕೆಂದರೆ ಕೆಳಗೆ ಪೂರ್ತಿ ವಿವರವನ್ನು ಟೈಪ್ ಮಾಡಿ ಕಳಿಸಿ. ಪಿಡಿಎಫ್ ಕೂಡ ಹೀಗೇ ಮೋಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರೀಕ್ಷೆ ಮಾಡುವುದು ಸುಲಭ: ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಏನೇನೋ ಬಂದರೆ ಓದುವ ದನಿಯೂ ಏನೇನೋ ಓದುತ್ತದೆ.

ಕಾಗದದ ಚೀಟಿಯ ವಿಷಯದಲ್ಲಿ ಕಣ್ಣಿನ ಕ್ಲಿನಿಕ್ಕುಗಳೇ ಮರೆಯುವ ಸಂಗತಿ ಒಂದಿದೆ. ಪರೀಕ್ಷೆಗೆ ಪಾಪೆ ಹಿಗ್ಗುವ ಡ್ರಾಪ್ಸ್ ಹಾಕಿದ ಮೇಲೆ ಹತ್ತಿರದ ಅಕ್ಷರ ಗಂಟೆಗಟ್ಟಲೆ ಮಂಜಾಗಿರುತ್ತದೆ. ಮುಂದಿನ ತಾರೀಖಿನ ಚೀಟಿಯನ್ನು ಕೈಗೆ ಕೊಡುವುದು ಸರಿಯಾಗಿ ಆಗಲೇ. ಚೀಟಿಯನ್ನು ಕಪ್ಪು ಮಾರ್ಕರ್‌ನಲ್ಲಿ, ತಾರೀಖು ಒಂದು ಬೆರಳಿನಷ್ಟು ಎತ್ತರ ಇರುವ ಹಾಗೆ ಬರೆದುಕೊಡಿ. ಮೆಸೇಜನ್ನು ಅಲ್ಲೇ ಕಳಿಸಿ, ಸಂಜೆ ಇನ್ನೊಮ್ಮೆ ಕಳಿಸಿ.

ಮಾತಾಡಿ ರೆಕಾರ್ಡ್ ಮಾಡಿದ ಮೆಸೇಜು ಓದು ಬಾರದವರಿಗೆ, ಕಣ್ಣು ಕಾಣದ ಹಿರಿಯರಿಗೆ ಬಹಳ ಒಳ್ಳೆಯದು. ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಿ, ತಾರೀಖನ್ನು ಮೊದಲು ಒಮ್ಮೆ, ಕೊನೆಗೆ ಒಮ್ಮೆ ಹೇಳಿ. ಜೊತೆಗೆ ಬರೆದ ಮೆಸೇಜೂ ಹೋಗಲಿ. ಮನೆಯಲ್ಲಿ ಅಜ್ಜಿಗೆ ಕಣ್ಣು ಕಾಣದು, ಅಜ್ಜನಿಗೆ ಕಿವಿ ಕೇಳದು, ಫೋನು ಇಬ್ಬರಿಗೂ ಸೇರಿ ಒಂದೇ ಅನ್ನುವ ಸಂಸಾರಗಳು ಎಷ್ಟಿಲ್ಲ?

ಹಂತ 7: ಕಣ್ಣು ಮುಚ್ಚಿ ಒಮ್ಮೆ, ಸದ್ದು ಮುಚ್ಚಿ ಒಮ್ಮೆ

ಒಕ್ಕಣೆ ಸಿದ್ಧವಾದ ಮೇಲೆ ಅದನ್ನು ನಿಮ್ಮದೇ ಇನ್ನೊಂದು ಫೋನಿಗೆ ಕಳಿಸಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಮೊದಲ ಸಲ ಗಾಬರಿಯಾಗುತ್ತದೆ: ಒಮ್ಮೆ ಮುಟ್ಟಿದರೆ ಓದುತ್ತದೆ ಅಷ್ಟೇ, ತೆರೆಯಲು ಎರಡು ಸಲ ತಟ್ಟಬೇಕು, ಸರಿಸಲು ಎರಡು ಬೆರಳು ಬೇಕು. ಆಫ್ ಮಾಡಲು ಬಹಳ ಫೋನುಗಳಲ್ಲಿ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಆಯಿತು. ಆ ಶಾರ್ಟ್‌ಕಟ್ ಇದೆಯಾ ಅಂತ ಆನ್ ಮಾಡುವ ಮೊದಲೇ ನೋಡಿಕೊಳ್ಳಿ.

ಫೋನನ್ನು ಕವುಚಿಟ್ಟು ಒಂದೇ ಸಲ ಕೇಳಿ, ದಿನ, ಹೊತ್ತು, ಜಾಗ, ಉತ್ತರಿಸುವ ಬಗೆ ನಾಲ್ಕನ್ನೂ ಕಾಗದದ ಮೇಲೆ ಬರೆಯಿರಿ. ಇದನ್ನು ಒಕ್ಕಣೆ ಬರೆದವರು ಮಾಡಿದರೆ ಪ್ರಯೋಜನವಿಲ್ಲ, ಅವರಿಗೆ ಉತ್ತರ ಗೊತ್ತು. ಔಷಧಿ ಅಂಗಡಿಯ ಹುಡುಗನನ್ನು ಕರೆದು ಕೇಳಿಸಿ. ಒಂದು ತಪ್ಪಿದರೂ ಆ ಸಾಲನ್ನು ಬದಲಿಸಿ.

ಆಮೇಲೆ ಇನ್ನೊಂದು ಪರೀಕ್ಷೆ. ಫೋನನ್ನು ಸೈಲೆಂಟ್ ಮಾಡಿ, ಯಾರಿಗೂ ಕರೆ ಮಾಡದೆ ಆ ತಾರೀಖನ್ನು ಬೇರೆ ದಿನಕ್ಕೆ ಬದಲಿಸಿಕೊಳ್ಳಲು ನೋಡಿ. ರಿಸೆಪ್ಷನ್ನಿನವರಿಗೆ ಮೊದಲೇ ಹೇಳಬೇಡಿ. "ಸ್ವಲ್ಪ ಕಾಲ್ ಮಾಡಿ ಸರ್" ಅಂತ ಉತ್ತರ ಬಂದರೆ ಮೆಸೇಜಿನ ಒಕ್ಕಣೆಯಲ್ಲಿ ತಪ್ಪಿಲ್ಲ, ಹಂತ 4ಕ್ಕೆ ವಾಪಸ್ ಹೋಗಬೇಕು.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಮುಟ್ಟುವುದಿಲ್ಲ. ಹಳೇ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತದೆ, ಓದಿ ಹೇಳುವ ದನಿಯೂ ಇರುವುದಿಲ್ಲ. ಕಣ್ಣು ಕಿವಿ ಎರಡೂ ಇಲ್ಲದವರಲ್ಲಿ ಬ್ರೈಲ್ ಡಿಸ್‌ಪ್ಲೇ ಇರುವವರಿಗೆ ಬರೆದ ಮೆಸೇಜು ಬೆರಳಿಗೆ ಸಿಗುತ್ತದೆ, ಅದಿಲ್ಲದವರಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಅಂಥವರನ್ನು "ನಿಮ್ಮ ಪರವಾಗಿ ಯಾರಿಗೆ ತಿಳಿಸಲಿ?" ಅಂತ ಕೇಳಿ, ಅವರು ಹೇಳಿದವರ ನಂಬರನ್ನು ಅವರ ಒಪ್ಪಿಗೆಯಿಂದಲೇ ಬರೆದುಕೊಳ್ಳಿ. ಜೊತೆಗೆ ಬಂದವರು ತಾವಾಗಿಯೇ ಕೊಟ್ಟ ನಂಬರ್ ಬೇರೆ, ಇದು ಬೇರೆ.

ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ಬರದವರ ಹೆಸರುಗಳನ್ನು ಒಂದು ಕಡೆ ಬರೆದು, ಪಕ್ಕದಲ್ಲಿ ನಾಲ್ಕನೇ ಕಾಲಂನಲ್ಲಿ ಏನಿದೆ ನೋಡಿ. "ಮೆಸೇಜ್ ಮಾತ್ರ" ಅಂತ ಇರುವವರೇ ಮತ್ತೆ ಮತ್ತೆ ಬರದಿದ್ದರೆ ಅವರ ಚಾಟ್ ತೆರೆಯಿರಿ. ಟಿಕ್ ಒಂದೋ ಎರಡೋ, 2 ಕಳಿಸಿದ್ದರಾ, ಕಳಿಸಿದ್ದರೆ ನಾವು ಎಷ್ಟು ಹೊತ್ತಿಗೆ ಉತ್ತರ ಕೊಟ್ಟೆವು, ಎಲ್ಲ ಅಲ್ಲೇ ಇರುತ್ತದೆ. ಕಾಲಂ ಖಾಲಿ ಇದ್ದವರು ಮುಂದಿನ ಸಲ ಬಂದಾಗ ಆ ರಟ್ಟನ್ನು ಅವರ ಮುಂದೆ ಇಡಿ.